ಇಪ್ಪತ್ತು ಲಕ್ಷದ ಪ್ಯಾಕೇಜ್ ಅಂತ ನಾವೇ ಬರೆದಿದ್ದೆವು

2021ರ ಜೂನ್‌ನಲ್ಲಿ ನಾವು ಒಂದು ಚಿಕ್ಕ ಸುದ್ದಿ ಕಳಿಸಿದ್ದೆವು. ನಮ್ಮ ಬೀದಿಯ ಹುಡುಗನಿಗೆ ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ ಸಿಕ್ಕಿತ್ತು. 'ತೆಂಗು ಬೆಳೆಗಾರನ ಮಗನಿಗೆ 20 ಲಕ್ಷದ ಪ್ಯಾಕೇಜ್' ಅಂತ ಒಂದು ಕಾಲಂ, ಹುಡುಗನ ಪಾಸ್‌ಪೋರ್ಟ್ ಸೈಜಿನ ಫೋಟೊ. ಡೆಸ್ಕ್‌ನವರು ಒಂದಕ್ಷರ ಬದಲಿಸದೆ ಹಾಕಿದರು. ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಆ ತುಣುಕು ಒಂದು ವಾರ ಓಡಾಡಿತು.

ಅದಾದ ಮೇಲೆ ಅವರ ಮನೆಗೆ ಏನೇನು ಬಂತು ಅಂತ ನಮಗೆ ಆಮೇಲೆ ಗೊತ್ತಾಯಿತು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಐವತ್ತು ಸಾವಿರ ಬರೆಸಿ ಅಂತ ಸಮಿತಿಯವರು ಬಂದರು. ಅತ್ತೆ ಮಗನೊಬ್ಬ ಬೋರ್‌ವೆಲ್ ಕೊರೆಸಲು ಎರಡು ಲಕ್ಷ ಕೈಗಡ ಕೇಳಿದ. ಹುಡುಗನ ತಂಗಿಯ ಮದುವೆ ಮಾತಿಗೆ ಬಂದವರು, ಅಣ್ಣ ವರ್ಷಕ್ಕೆ ಇಪ್ಪತ್ತು ಲಕ್ಷ ದುಡಿಯುವಾಗ ಇಷ್ಟೂ ಮಾಡಲ್ಲವೇ ಅಂದರು. ಹುಡುಗನ ಕೈಗೆ ತಿಂಗಳಿಗೆ ತೊಂಬತ್ತು ಸಾವಿರದ ಒಳಗೇ ಬರುತ್ತಿತ್ತು. ಅದರಲ್ಲಿ ಬೆಂಗಳೂರಿನ ಬಾಡಿಗೆ, ಓದಿನ ಸಾಲದ ಕಂತು ಕಳೆದು ಉಳಿದದ್ದು ಮನೆಗೆ. ಇಪ್ಪತ್ತು ಲಕ್ಷ ಎಲ್ಲಿ ಹೋಯಿತು ಅಂತ ಊರು ಕೇಳುತ್ತಿತ್ತು. ಅವನು ಬೆಂಗಳೂರಿನಲ್ಲಿ ದುಡ್ಡು ಹಾಳು ಮಾಡುತ್ತಿದ್ದಾನೆ ಅಂತಲೂ ಕೆಲವರು ಆಡಿಕೊಂಡರು.

ತಪ್ಪು ನಮ್ಮದು. ನಾವು ಆ ಆಫರ್ ಲೆಟರ್ ನೋಡಿಯೇ ಇರಲಿಲ್ಲ. ಹುಡುಗನ ಅಪ್ಪ ಹೇಳಿದ ಮೊತ್ತವನ್ನು ಹಾಗೇ ಬರೆದುಕೊಂಡಿದ್ದೆವು. ಅದನ್ನು ನಾವು ಮೊದಲ ಸಲ ಓದಿದ್ದು ಎರಡೂವರೆ ವರ್ಷದ ನಂತರ, ಅವನು ಕೆಲಸ ಬಿಟ್ಟು ಊರಿಗೆ ಬಂದು 'ಅಣ್ಣ, ಒಂದು ಲೆಕ್ಕ ನೋಡಬೇಕಿತ್ತು' ಅಂತ ನಮ್ಮ ಜಗಲಿಯಲ್ಲಿ ಕೂತಾಗ. ಆವತ್ತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯ ಮಗನೋ ಮಗಳೋ ಇಂಥ ಕಾಗದ ತಂದರೆ ಉಪಯೋಗಕ್ಕೆ ಬರಲಿ.

ಕಾಗದದಲ್ಲಿ ಇದ್ದದ್ದು

ಲೆಟರ್‌ನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು. ಸಂಬಳ 12 ಲಕ್ಷ. ಅದರ ಕೆಳಗೆ ಇಸಾಪ್ 8 ಲಕ್ಷ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಟ್ಟು 20 ಲಕ್ಷ.

ಇಸಾಪ್ ಅಂದರೆ ಕಂಪನಿ ತನ್ನ ನೌಕರನಿಗೆ ಕೊಡುವ ಸ್ಟಾಕ್ ಆಪ್ಷನ್. ಅದು ಷೇರು ಅಂತ ಬಹಳ ಜನ ತಿಳಿಯುತ್ತಾರೆ, ನಾವೂ ಹಾಗೇ ತಿಳಿದಿದ್ದೆವು. ಅದು ಷೇರಲ್ಲ. ಮುಂದೆ ಒಂದು ದಿನ, ಇವತ್ತೇ ಗೊತ್ತು ಮಾಡಿದ ಬೆಲೆಗೆ, ಕಂಪನಿಯ ಷೇರು ಕೊಳ್ಳುವ ಹಕ್ಕು ಅಷ್ಟೆ.

ನಮ್ಮ ಕಡೆ ಸೈಟು ಕೊಳ್ಳುವಾಗ ಮೊದಲು ಅಗ್ರಿಮೆಂಟ್ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಇಂಥ ಸೈಟನ್ನು ಇಷ್ಟು ಬೆಲೆಗೆ, ಇಷ್ಟು ದಿನದೊಳಗೆ ನಾನು ಕೊಳ್ಳಬಹುದು ಅಂತ ಕರಾರು. ಅಗ್ರಿಮೆಂಟ್ ಕೈಯಲ್ಲಿದ್ದ ಮಾತ್ರಕ್ಕೆ ಸೈಟು ನಮ್ಮದಾಗುವುದಿಲ್ಲ. ದುಡ್ಡು ಕೊಟ್ಟು ಕ್ರಯ ಮಾಡಿಸಿಕೊಳ್ಳಬೇಕು. ಗಡುವು ಮೀರಿದರೆ ಕರಾರು ಬರೀ ಕಾಗದ. ಇಸಾಪ್ ಕೂಡ ಅಂಥದ್ದೇ ಕರಾರು. ಒಂದೇ ವ್ಯತ್ಯಾಸ, ಈ ಕರಾರನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಅಡ ಇಡುವ ಹಾಗೂ ಇಲ್ಲ. ಕಂಪನಿ ಕಾಯ್ದೆಯ ನಿಯಮದಲ್ಲೇ ಅದು ಬರೆದಿದೆ. ಷೇರು ಕೈಗೆ ಬರುವತನಕ ಡಿವಿಡೆಂಡ್ ಇಲ್ಲ, ಮತದ ಹಕ್ಕೂ ಇಲ್ಲ.

ಹುಡುಗನಿಗೆ ಕೊಟ್ಟದ್ದು 1,600 ಆಪ್ಷನ್. ಒಂದೊಂದಕ್ಕೂ ಅವನು ಕಂಪನಿಗೆ ಕಟ್ಟಬೇಕಾದ ಬೆಲೆ 100 ರೂಪಾಯಿ. ಇದಕ್ಕೆ ಎಕ್ಸರ್‌ಸೈಜ್ ಪ್ರೈಸ್ ಅನ್ನುತ್ತಾರೆ. ನಮ್ಮ ಅಗ್ರಿಮೆಂಟ್‌ನಲ್ಲಿ ಬರೆದ ಕ್ರಯದ ಬೆಲೆ ಇದ್ದ ಹಾಗೆ.

ಹಾಗಾದರೆ 8 ಲಕ್ಷ ಎಲ್ಲಿಂದ ಬಂತು? ಆ ವರ್ಷ ಕಂಪನಿಗೆ ಹಣ ಹಾಕಿದ ಹೂಡಿಕೆದಾರರು ಒಂದು ಷೇರಿಗೆ 500 ರೂಪಾಯಿ ಕೊಟ್ಟಿದ್ದರಂತೆ. 1,600ನ್ನು 500ರಿಂದ ಗುಣಿಸಿದರೆ 8 ಲಕ್ಷ. ಲೆಟರ್ ಬರೆದವರು ಅಷ್ಟು ಮಾಡಿ ಕೈತೊಳೆದುಕೊಂಡಿದ್ದರು. ಹುಡುಗ ಕಟ್ಟಬೇಕಾದ 100 ರೂಪಾಯಿಯನ್ನು ಕಳೆದೇ ಇರಲಿಲ್ಲ. ಕಳೆದರೆ ಒಂದಕ್ಕೆ ಉಳಿಯುವುದು 400, ಒಟ್ಟು 6 ಲಕ್ಷ 40 ಸಾವಿರ. ಅದೂ ಒಂದು ವರ್ಷದ್ದಲ್ಲ, ನಾಲ್ಕು ವರ್ಷದ್ದು. ವರ್ಷಕ್ಕೆ ಹಂಚಿದರೆ 1 ಲಕ್ಷ 60 ಸಾವಿರ. ಅಂದರೆ ಎಲ್ಲ ಒಳ್ಳೆಯದಾದರೂ ಅವನ ಪ್ಯಾಕೇಜ್ ಕಾಗದದ ಮೇಲೆ ವರ್ಷಕ್ಕೆ 13 ಲಕ್ಷ 60 ಸಾವಿರ. ನಗದು 12 ಲಕ್ಷ. ಇಪ್ಪತ್ತು ಯಾವತ್ತೂ ಇರಲಿಲ್ಲ. ಸಂಬಳ ಒಂದು ವರ್ಷದ್ದು, ಇಸಾಪ್ ನಾಲ್ಕು ವರ್ಷದ್ದು. ಎರಡನ್ನೂ ಕೂಡಿಸಿ ಒಂದು ಮೊತ್ತ ಮಾಡಿದ್ದರು, ಆ ಮೊತ್ತವನ್ನೇ ನಾವು ಹೆಡ್ಡಿಂಗ್ ಮಾಡಿದ್ದೆವು.

ಆ 500 ರೂಪಾಯಿಯ ಬಗ್ಗೆ ಇನ್ನೊಂದು ಮಾತು. ಹೂಡಿಕೆದಾರರು ಕೊಳ್ಳುವ ಷೇರು, ನೌಕರನಿಗೆ ಸಿಗುವ ಷೇರು ಸಾಮಾನ್ಯವಾಗಿ ಒಂದೇ ಜಾತಿಯದಲ್ಲ. ಕಂಪನಿ ಮಾರಾಟವಾದರೆ ತಾವು ಹಾಕಿದ ಹಣ ಮೊದಲು ತಮಗೆ ಬರಬೇಕು ಅಂತ ಹೂಡಿಕೆದಾರರು ಬರೆಸಿಕೊಂಡಿರುತ್ತಾರೆ. ಅವರಿಗೆ ಕೊಟ್ಟು ಉಳಿದದ್ದರಲ್ಲಿ ನೌಕರರ ಪಾಲು. ಮಾರಾಟದ ಬೆಲೆ ಕಡಿಮೆಯಾದರೆ ಉಳಿಯುವುದು ಏನೂ ಇಲ್ಲದೆಯೂ ಇರಬಹುದು. ಹಾಗಾಗಿ ಹೂಡಿಕೆದಾರ ಕೊಟ್ಟ ಬೆಲೆಯನ್ನು ನೌಕರನ ಷೇರಿಗೂ ಹಾಗೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಅಟ್ಟದ ಮೇಲಿನ ಕಾಯಿ

ಆಪ್ಷನ್ ಕೊಟ್ಟ ದಿನವೇ ಬಳಸುವ ಹಾಗಿಲ್ಲ. ಅದು ಮಾಗಬೇಕು. ಇದಕ್ಕೆ ವೆಸ್ಟಿಂಗ್ ಅನ್ನುತ್ತಾರೆ. ಹುಡುಗನ ಅಪ್ಪನಿಗೆ ಇದನ್ನು ಹೇಳುವುದು ನಮಗೆ ಕಷ್ಟವಾಗಲಿಲ್ಲ. ನಮ್ಮ ಕಡೆ ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆರು ತಿಂಗಳಿಗೇ ಇಳಿಸಿ ಸುಲಿದರೆ ತಿಪಟೂರು ಮಾರ್ಕೆಟ್‌ನಲ್ಲಿ ಅದನ್ನು ಕೊಬ್ಬರಿ ಅಂತ ಯಾರೂ ಕೊಳ್ಳುವುದಿಲ್ಲ.

ನಮ್ಮ ದೇಶದ ನಿಯಮದ ಪ್ರಕಾರವೂ ಆಪ್ಷನ್ ಕೊಟ್ಟ ದಿನದಿಂದ ಕಡಿಮೆ ಎಂದರೆ ಒಂದು ವರ್ಷ ಆಗದೆ ಒಂದೂ ಮಾಗುವ ಹಾಗಿಲ್ಲ. ಆ ಮೊದಲ ವರ್ಷಕ್ಕೆ ಕ್ಲಿಫ್ ಅನ್ನುತ್ತಾರೆ. ಹನ್ನೊಂದನೇ ತಿಂಗಳಿಗೆ ಕೆಲಸ ಬಿಟ್ಟರೆ ಸೊನ್ನೆ. ಆಮೇಲೆ ಹೇಗೆ ಮಾಗಬೇಕು ಅನ್ನುವುದು ಆಯಾ ಕಂಪನಿಗೆ ಬಿಟ್ಟದ್ದು. ಕೆಲವು ಕಡೆ ತಿಂಗಳು ತಿಂಗಳು, ಕೆಲವು ಕಡೆ ವರ್ಷಕ್ಕೊಮ್ಮೆ. ಇವನದ್ದು ಒಂದು ವರ್ಷಕ್ಕೆ 400, ಆಮೇಲೆ ಮೂರು ಮೂರು ತಿಂಗಳಿಗೆ 100ರಂತೆ, ನಾಲ್ಕು ವರ್ಷಕ್ಕೆ ಪೂರ್ತಿ 1,600.

ಇಲ್ಲಿ ಅವನು ಒಂದು ಕಡೆ ಎಡವಿದ್ದ. ಅವನು ಕೆಲಸಕ್ಕೆ ಸೇರಿದ್ದು 2021ರ ಜುಲೈ 1ಕ್ಕೆ. ವೆಸ್ಟಿಂಗ್ ಆವತ್ತಿನಿಂದಲೇ ಶುರು ಅಂದುಕೊಂಡಿದ್ದ. ಆದರೆ ಆಫರ್ ಲೆಟರ್‌ನಲ್ಲಿ ಸಣ್ಣ ಅಕ್ಷರದಲ್ಲಿ 'ಬೋರ್ಡ್ ಒಪ್ಪಿಗೆಗೆ ಒಳಪಟ್ಟು' ಅಂತ ಇತ್ತು. ಬೋರ್ಡ್ ಸಭೆ ಸೇರಿ ಗ್ರ್ಯಾಂಟ್ ಲೆಟರ್ ಅಂತ ಬೇರೆ ಕಾಗದ ಕೊಟ್ಟದ್ದು ಅಕ್ಟೋಬರ್ 1ಕ್ಕೆ. ಲೆಕ್ಕ ಶುರುವಾಗಿದ್ದು ಆ ದಿನದಿಂದ. ಕಾಯಿ ಕಿತ್ತದ್ದು ಜುಲೈನಲ್ಲಿ, ಅಟ್ಟಕ್ಕೆ ಹಾಕಿದ್ದು ಅಕ್ಟೋಬರ್‌ನಲ್ಲಿ ಅಂದ ಹಾಗಾಯಿತು.

ಈ ಮೂರು ತಿಂಗಳಿಂದ ಏನು ಕಷ್ಟ ಅಂದರೆ, ಅವನು 2023ರ ಡಿಸೆಂಬರ್ 20ಕ್ಕೆ ಕೆಲಸ ಬಿಟ್ಟ. ಬೇರೆ ಕಂಪನಿಯವರು ಬೇಗ ಬನ್ನಿ ಅಂದಿದ್ದರು. 2022ರ ಅಕ್ಟೋಬರ್ 1ಕ್ಕೆ 400 ಮಾಗಿದ್ದವು. ಆಮೇಲೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳಂದು ನೂರು ನೂರು. ಒಟ್ಟು 800. ಮುಂದಿನ ನೂರು ಮಾಗಬೇಕಿದ್ದದ್ದು 2024ರ ಜನವರಿ 1ಕ್ಕೆ. ಹನ್ನೆರಡು ದಿನ ತಾಳಿದ್ದರೆ ಅದೂ ಸಿಗುತ್ತಿತ್ತು. ತಾರೀಕು ಗೊತ್ತಿದ್ದರೆ ಹೊಸ ಕಂಪನಿಯವರನ್ನು ಎರಡು ವಾರ ಕೇಳಿಕೊಳ್ಳುವುದು ದೊಡ್ಡ ಮಾತಾಗಿರಲಿಲ್ಲ. ಅವನು ಗ್ರ್ಯಾಂಟ್ ಲೆಟರನ್ನು ಮೇಲ್‌ನಲ್ಲಿ ತೆರೆದು, ಒಪ್ಪಿಗೆ ಅಂತ ಒತ್ತಿ, ಮತ್ತೆ ನೋಡಿರಲಿಲ್ಲ.

ಬಿಡುವ ದಿನ

ಕೆಲಸ ಬಿಟ್ಟಾಗ ಏನಾಗುತ್ತದೆ ಅನ್ನುವುದು ಎರಡು ಭಾಗ. ಮಾಗದೆ ಇದ್ದ ಆಪ್ಷನ್‌ಗಳು ಕಡೆಯ ದಿನವೇ ಹೋದವು. ಇದು ಕಂಪನಿಯ ದುಷ್ಟತನವಲ್ಲ, ನಿಯಮದಲ್ಲೇ ಹಾಗಿದೆ. ರಾಜೀನಾಮೆ ಕೊಟ್ಟರೂ ಅಷ್ಟೆ, ಕಂಪನಿಯೇ ತೆಗೆದರೂ ಅಷ್ಟೆ. ಹುಡುಗನದ್ದು 800 ಹಾಗೆ ಹೋಯಿತು. ನೌಕರ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮಾತ್ರ ನಿಯಮ ಬೇರೆ. ಆವತ್ತಿನವರೆಗೆ ಕೊಟ್ಟ ಎಲ್ಲ ಆಪ್ಷನ್‌ಗಳೂ, ಮಾಗದೆ ಇದ್ದವೂ ಸೇರಿ, ವಾರಸುದಾರರಿಗೆ ಅಥವಾ ನಾಮಿನಿಗೆ ಬರುತ್ತವೆ. ದುಡಿಯಲು ಆಗದಂಥ ಶಾಶ್ವತ ಅಂಗವೈಕಲ್ಯವಾದರೂ ಅವನಿಗೆ ಕೊಟ್ಟದ್ದೆಲ್ಲ ಆ ದಿನವೇ ಮಾಗಿದ ಲೆಕ್ಕ. ಇದನ್ನು ಮನೆಯವರು ತಿಳಿದಿರಬೇಕು, ಕಂಪನಿಯವರು ಊರಿಗೆ ಬಂದು ಹೇಳುತ್ತಾರೆ ಅಂತ ಕಾಯಬಾರದು.

ಮಾಗಿದ 800ರ ಕಥೆ ಬೇರೆ. ಅದನ್ನು ಕೊಳ್ಳಲು ಒಂದು ಗಡುವು ಇರುತ್ತದೆ. ಎಷ್ಟು ದಿನ ಅನ್ನುವುದು ಕಂಪನಿಯ ಇಸಾಪ್ ಸ್ಕೀಮ್ ಅನ್ನುವ ದೊಡ್ಡ ಕಾಗದದಲ್ಲಿರುತ್ತದೆ, ಆಫರ್ ಲೆಟರ್‌ನಲ್ಲಿ ಇರುವುದಿಲ್ಲ. ಕೆಲವು ಕಂಪನಿಗಳು ವರ್ಷಗಟ್ಟಲೆ ಸಮಯ ಕೊಡುತ್ತವೆ. ಇವನದ್ದು 90 ದಿನ. 2024ರ ಮಾರ್ಚ್ 19ಕ್ಕೆ ಗಡುವು. ಅವನು ನಮ್ಮ ಜಗಲಿಗೆ ಬಂದದ್ದು ಫೆಬ್ರವರಿ ಕೊನೆಗೆ. ಎಚ್‌ಆರ್‌ನವರ ಮೇಲ್ ಫೋನ್‌ನಲ್ಲಿ ತೋರಿಸಿದ.

ಎಂಟು ನೂರು ಷೇರಿಗೆ ನೂರು ರೂಪಾಯಿಯಂತೆ 80,000 ರೂಪಾಯಿ ಕಂಪನಿಗೆ ಕಟ್ಟಬೇಕು. ಅಷ್ಟೇ ಅಂದುಕೊಂಡು ನಾವು ಕೂಡಿಸುತ್ತಿದ್ದರೆ ಮೇಲ್‌ನಲ್ಲಿ ಇನ್ನೊಂದು ಮೊತ್ತ ಇತ್ತು: ತೆರಿಗೆ 74,880.

ನಾವಿಬ್ಬರೂ ಅದನ್ನು ಎರಡೆರಡು ಸಲ ಓದಿದೆವು. ಷೇರು ಮಾರಿಲ್ಲ, ಒಂದು ಪೈಸೆ ಕೈಗೆ ಬಂದಿಲ್ಲ, ತೆರಿಗೆ ಯಾತಕ್ಕೆ? ಪಟ್ಟಣದ ಆಡಿಟರ್ ಹತ್ತಿರ ಹೋದೆವು. ಅವರು ಬಿಡಿಸಿ ಹೇಳಿದರು. ಷೇರು ಕೊಂಡ ದಿನ ಅದರ ಬೆಲೆ ಎಷ್ಟು, ನೀವು ಕೊಟ್ಟದ್ದೆಷ್ಟು, ನಡುವಿನ ವ್ಯತ್ಯಾಸವನ್ನು ಸರ್ಕಾರ ಸಂಬಳ ಅಂತಲೇ ಎಣಿಸುತ್ತದೆ. ಷೇರು ಪೇಟೆಯಲ್ಲಿ ಇಲ್ಲದ ಕಂಪನಿಯಾದರೆ ಬೆಲೆಯನ್ನು ಮರ್ಚೆಂಟ್ ಬ್ಯಾಂಕರ್ ಅನ್ನುವವರು ಗೊತ್ತು ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಇವನ ಕಂಪನಿಗೆ ಅವರು ಹಾಕಿದ ಬೆಲೆ 400. ಕೊಟ್ಟದ್ದು 100 ಕಳೆದರೆ 300. ಎಂಟು ನೂರು ಷೇರಿಗೆ 2 ಲಕ್ಷ 40 ಸಾವಿರ ಹೆಚ್ಚುವರಿ ಸಂಬಳ ಬಂದಿದೆ ಅಂತ ಲೆಕ್ಕ. ಅವನ ಸಂಬಳ ಅಷ್ಟು ಹೊತ್ತಿಗೆ 14 ಲಕ್ಷ ಆಗಿತ್ತು, ಹಳೆಯ ತೆರಿಗೆ ಪದ್ಧತಿಯಲ್ಲಿದ್ದ. ಮೇಲಿನ ಸ್ತರದ 30 ಪರ್ಸೆಂಟ್, ಅದರ ಮೇಲೆ ಸೆಸ್, ಒಟ್ಟು 31.2 ಪರ್ಸೆಂಟ್. ಅದೇ 74,880. ಅದನ್ನು ಟಿಡಿಎಸ್ ಆಗಿ ಕಂಪನಿ ಸರ್ಕಾರಕ್ಕೆ ಕಟ್ಟಬೇಕು. ಕೆಲಸ ಬಿಟ್ಟವನ ಸಂಬಳ ಹಿಡಿಯಲು ಆಗದಿರುವುದರಿಂದ ಅವನಿಂದಲೇ ಮೊದಲು ಕೇಳುತ್ತಾರೆ.

ಸ್ಟಾರ್ಟಪ್‌ಗಳಿಗೆ ಈ ತೆರಿಗೆ ಮುಂದೂಡುವ ಸವಲತ್ತು ಇದೆಯಲ್ಲ ಅಂತ ಹುಡುಗ ಕೇಳಿದ. 2020ರಿಂದ ಇದೆ. ಆದರೆ ಸ್ಟಾರ್ಟಪ್ ಅಂತ ಹೆಸರಿಟ್ಟುಕೊಂಡ ಎಲ್ಲರಿಗೂ ಅಲ್ಲ, ಆದಾಯ ತೆರಿಗೆ ವಿನಾಯಿತಿಗೆ ಸರ್ಕಾರದ ಸಮಿತಿಯಿಂದ ಸರ್ಟಿಫಿಕೇಟ್ ಪಡೆದವರಿಗೆ ಮಾತ್ರ. ಅಂಥ ಕಂಪನಿಯಾದರೂ ನೌಕರ ಕೆಲಸ ಬಿಟ್ಟ ಕೂಡಲೇ ಮುಂದೂಡಿಕೆ ಮುಗಿಯುತ್ತದೆ. ಅವನು ಆಗಲೇ ಬಿಟ್ಟಾಗಿತ್ತು.

ಒಟ್ಟು 1,54,880 ರೂಪಾಯಿ. ಇಪ್ಪತ್ತು ದಿನದಲ್ಲಿ.

ಮನೆಯ ಮಾತು

ಆವತ್ತು ರಾತ್ರಿ ಅವರ ಮನೆಯಲ್ಲೇ ಊಟ. ಹುಡುಗನ ಅಪ್ಪ, ನಾವು ಮಾವ ಅನ್ನುತ್ತೇವೆ, ಎಲ್ಲ ಕೇಳಿಸಿಕೊಂಡು ಅಂದರು: 'ನಾಲ್ಕು ನೂರರ ಮಾಲು ನೂರಕ್ಕೆ ಸಿಗುತ್ತೆ ಅಂದರೆ ಬಿಡೋದು ಯಾಕಪ್ಪ? ಅಟ್ಟದಲ್ಲಿ ಕೊಬ್ಬರಿ ಇದೆ, ರೇಟು ಏರಲಿ ಅಂತ ಇಟ್ಟಿದ್ದೆ. ಇಳಿಸಿ ಹಾಕೋಣ.'

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಪ್ಪತ್ತು ಲಕ್ಷ ಅಂತ ಬರೆದವರು ನಾವೇ, ಈಗ ಕೊಬ್ಬರಿ ಮಾರಬೇಡಿ ಅಂತ ಹೇಳುವವರೂ ನಾವೇ ಆಗಬೇಕಿತ್ತು. ಕೊನೆಗೆ ಅವರನ್ನೇ ಒಂದು ಮಾತು ಕೇಳಿದೆವು. 'ಮಾವ, ತಿಪಟೂರಿಗೆ ಕೊಬ್ಬರಿ ತಗೊಂಡು ಹೋದರೆ ಆ ದಿನ ಯಾರೋ ಒಬ್ಬರು ಟೆಂಡರ್ ಹಾಕಿ ಕೊಳ್ಳುತ್ತಾರೆ. ರೇಟು ಇಳಿದಿರಬಹುದು, ಆದರೆ ಕೊಳ್ಳುವವರು ಇರುತ್ತಾರೆ. ಈ ಷೇರನ್ನು ಯಾರಿಗೆ ಮಾರುತ್ತೀರಿ?'

ಮಾವ ಮಗನ ಮುಖ ನೋಡಿದರು. ಮಗ ನಮ್ಮ ಮುಖ ನೋಡಿದ.

ಮರುದಿನ ಅವನು ಕಂಪನಿಗೆ ಮೇಲ್ ಹಾಕಿದ. ಉತ್ತರ ಎರಡು ದಿನಕ್ಕೆ ಬಂತು. ಕಂಪನಿ ಷೇರು ಪೇಟೆಗೆ ಬರುವ ದಿನ ಗೊತ್ತಾಗಿಲ್ಲ. ಕಂಪನಿಯೇ ವಾಪಸ್ ಕೊಳ್ಳುವ ಬೈಬ್ಯಾಕ್ ಯೋಜನೆ ಸದ್ಯಕ್ಕಿಲ್ಲ. ಹೊರಗಿನವರಿಗೆ ಮಾರಬೇಕಾದರೆ ಬೋರ್ಡ್ ಒಪ್ಪಿಗೆ ಬೇಕು. ಅಂದರೆ ಮರ್ಚೆಂಟ್ ಬ್ಯಾಂಕರ್ ಬರೆದ 400 ತೆರಿಗೆ ಕಟ್ಟಲು ಇರುವ ಬೆಲೆ. ಆ ಬೆಲೆಗೆ ಕೊಳ್ಳುತ್ತೇವೆ ಅಂತ ಯಾರೂ ನಿಂತಿಲ್ಲ. ನಾಳೆ ಷೇರು 50 ರೂಪಾಯಿಗೆ ಇಳಿದರೂ ಇವತ್ತು 400ರ ಮೇಲೆ ಕಟ್ಟಿದ ತೆರಿಗೆಯನ್ನು ಸರ್ಕಾರ ವಾಪಸ್ ಕೊಡುವುದಿಲ್ಲ.

ಇದರಲ್ಲಿ ದುಡ್ಡು ಮಾಡಿದವರು ಇಲ್ಲ ಅಂತಲ್ಲ. ಇನ್ಫೋಸಿಸ್ 1990ರ ದಶಕದಲ್ಲಿ ಕೊಟ್ಟ ಆಪ್ಷನ್‌ಗಳಿಂದ ಸಾಮಾನ್ಯ ನೌಕರರೂ ಶ್ರೀಮಂತರಾದ ಮಾತು ನಮ್ಮ ಹಳ್ಳಿಗೂ ಬಂದಿದೆ. ಆದರೆ ಇನ್ಫೋಸಿಸ್ 1993ರಲ್ಲೇ ಷೇರು ಪೇಟೆಗೆ ಬಂದಿತ್ತು, ಷೇರು ಕೈಗೆ ಬಂದವನು ಮಾರಬೇಕೆಂದ ದಿನ ಮಾರಬಹುದಿತ್ತು. 2018ರಲ್ಲಿ ವಾಲ್‌ಮಾರ್ಟ್ ಬಂದು ಫ್ಲಿಪ್‌ಕಾರ್ಟ್‌ನ ದೊಡ್ಡ ಪಾಲು ಕೊಂಡಾಗಲೂ ನೌಕರರಿಗೆ ಹಣ ಸಿಕ್ಕಿತು, ಯಾಕೆಂದರೆ ಕೊಳ್ಳುವವರು ಬಂದಿದ್ದರು. ಅದೇ ಬೆಂಗಳೂರಿನ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪನಿ ಅನ್ನಿಸಿಕೊಂಡಿತ್ತು, 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ದಿವಾಳಿಯಾದಾಗ ಮೊದಲು ಸಾಲಗಾರರು, ಕೊನೆಗೆ ಷೇರುದಾರರು.

ಒಂದು ವಾರ ಯೋಚಿಸಿ ಹುಡುಗನೇ ತೀರ್ಮಾನ ಮಾಡಿದ. ಕಳೆದುಕೊಂಡರೂ ಮನೆ ಅಲ್ಲಾಡಬಾರದು, ಅಷ್ಟನ್ನೇ ಹಾಕುತ್ತೇನೆ ಅಂದ. 800ರಲ್ಲಿ 200 ಮಾತ್ರ ಕೊಂಡ. 20,000 ಬೆಲೆ, 18,720 ತೆರಿಗೆ, ಒಟ್ಟು 38,720 ರೂಪಾಯಿ. ತನ್ನ ಉಳಿತಾಯದಿಂದಲೇ ಕಟ್ಟಿದ. ಉಳಿದ 600 ಮಾರ್ಚ್ 19ರ ರಾತ್ರಿ ಮುಗಿದವು. ಕೊಬ್ಬರಿ ಅಟ್ಟದಿಂದ ಇಳಿಯಲಿಲ್ಲ. ಆ ಇನ್ನೂರು ಷೇರು ಈಗಲೂ ಅವನ ಹೆಸರಿನಲ್ಲಿವೆ, ಮಾರಲು ಇನ್ನೂ ದಾರಿಯಾಗಿಲ್ಲ. ಅದು ಸರಿಯಾದ ತೀರ್ಮಾನವೋ ತಪ್ಪೋ ನಾವು ಹೇಳಲಾರೆವು. ಕಂಪನಿ ನಾಳೆ ಪೇಟೆಗೆ ಬಂದರೆ 600 ಬಿಟ್ಟದ್ದು ಹೊಟ್ಟೆ ಉರಿಸಬಹುದು. ಮುಚ್ಚಿದರೆ ಬಚಾವಾದೆವು ಅನ್ನಿಸಬಹುದು. ಗೊತ್ತಿದ್ದೂ ಮಾಡಿದ ತೀರ್ಮಾನ ಅನ್ನುವುದಷ್ಟೇ ಅವನಿಗೆ ಸಮಾಧಾನ.

ಈ ಸಲ ಮೊದಲೇ ಓದಿದೆವು

ಇತ್ತೀಚೆಗೆ ಪಕ್ಕದ ಊರಿನ ಒಬ್ಬ ಹುಡುಗಿ, ಇಂಜಿನಿಯರಿಂಗ್ ಮುಗಿಸಿದವಳು, ಎರಡು ಆಫರ್ ಲೆಟರ್ ಹಿಡಿದು ಬಂದಳು. ಒಂದರಲ್ಲಿ 9 ಲಕ್ಷ, ಪೂರ್ತಿ ಸಂಬಳ. ಇನ್ನೊಂದರಲ್ಲಿ ಸಂಬಳ 8 ಲಕ್ಷ, ಇಸಾಪ್ 3 ಲಕ್ಷ, ಒಟ್ಟು 11 ಲಕ್ಷ. ಎರಡನೆಯದು ಅವಳಿಗೆ ಇಷ್ಟವಾದ ಕೆಲಸ. ಮನೆಯವರು 11 ದೊಡ್ಡದಲ್ಲವೇ ಅನ್ನುತ್ತಿದ್ದರು.

ನಾವು ಮೊದಲು ನಮ್ಮ ಬೀದಿಯ ಹುಡುಗನಿಗೆ ಫೋನ್ ಹಚ್ಚಿ ಕೊಟ್ಟೆವು. ಅವನು ಅವಳಿಗೆ ಹೇಳಿದ್ದು ಇಷ್ಟು. ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳು, ಫೋನಿನಲ್ಲಿ ಕೇಳಿದರೆ ದಾಖಲೆ ಇರುವುದಿಲ್ಲ. ಮೂರು ಲಕ್ಷ ಅನ್ನಬೇಡಿ, ಎಷ್ಟು ಆಪ್ಷನ್ ಅಂತ ಸಂಖ್ಯೆ ಹೇಳಿ ಅನ್ನು. ಎಕ್ಸರ್‌ಸೈಜ್ ಪ್ರೈಸ್ ಎಷ್ಟು, ಮರ್ಚೆಂಟ್ ಬ್ಯಾಂಕರ್ ಕೊಟ್ಟ ಕಡೆಯ ಬೆಲೆ ಎಷ್ಟು ಕೇಳು. ವೆಸ್ಟಿಂಗ್ ಲೆಕ್ಕ ಸೇರಿದ ದಿನದಿಂದಲೋ ಗ್ರ್ಯಾಂಟ್ ದಿನದಿಂದಲೋ ಕೇಳು. ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ, ಕಂಪನಿಯೇ ತಪ್ಪು ಹೊರಿಸಿ ತೆಗೆದರೆ ಮಾಗಿದ್ದೂ ಹೋಗುತ್ತದೆಯೇ ಕೇಳು. ಇದುವರೆಗೆ ನೌಕರರ ಷೇರು ಯಾವತ್ತಾದರೂ ವಾಪಸ್ ಕೊಂಡಿದ್ದೀರಾ ಅಂತಲೂ ಕೇಳು. ಇಸಾಪ್ ಸ್ಕೀಮ್‌ನ ಪ್ರತಿ ಕಳಿಸಿ ಅನ್ನು.

ಹೀಗೆಲ್ಲ ಕೇಳಿದರೆ ಕೆಲಸವೇ ಕೊಡದೆ ಹೋದರೆ ಅಂತ ಅವಳ ತಾಯಿಗೆ ಭಯ. ನಾಲ್ಕನೇ ದಿನ ಉತ್ತರ ಬಂತು, ಮರ್ಯಾದೆಯಿಂದಲೇ ಬಂತು. 900 ಆಪ್ಷನ್. ಎಕ್ಸರ್‌ಸೈಜ್ ಪ್ರೈಸ್ 10 ರೂಪಾಯಿ. ಕಡೆಯ ಬೆಲೆ 210. ಲೆಕ್ಕ ಗ್ರ್ಯಾಂಟ್ ದಿನದಿಂದ. ಕೆಲಸ ಬಿಟ್ಟ ಮೇಲೆ ಮೂರು ವರ್ಷ ಸಮಯ. ದುರ್ನಡತೆ ಅಂತ ತೆಗೆದರೆ ಮಾಗಿದ್ದೂ ಹೋಗುತ್ತದೆ. ಬೈಬ್ಯಾಕ್ ಇದುವರೆಗೆ ಮಾಡಿಲ್ಲ.

ಹಾಳೆ ಮೇಲೆ ಬರೆದೆವು. 210ರಲ್ಲಿ 10 ಕಳೆದರೆ 200. ಒಂಬೈನೂರಕ್ಕೆ 1 ಲಕ್ಷ 80 ಸಾವಿರ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 45 ಸಾವಿರ, ಅದೂ ಕಾಗದದ ಮೇಲೆ, ತೆರಿಗೆ ಕಳೆಯುವ ಮೊದಲು. ಇದಕ್ಕಾಗಿ ಅವಳು ಬಿಡಬೇಕಾದದ್ದು ವರ್ಷಕ್ಕೆ 1 ಲಕ್ಷ ನಗದು. ಹನ್ನೊಂದು ಅನ್ನುವ ಮೊತ್ತ ಒಂಬತ್ತಕ್ಕಿಂತ ಚಿಕ್ಕದಾಗಿತ್ತು.

10 ರೂಪಾಯಿಗೆ ಸಿಗುವುದು ಅಗ್ಗ ಅಲ್ಲವೇ ಅಂತ ಅವಳು ಕೇಳಿದಳು. ಕೊಳ್ಳುವುದು ಅಗ್ಗ, ನಿಜ. ಆದರೆ ನಡುವಿನ ವ್ಯತ್ಯಾಸ ಹೆಚ್ಚಾದಷ್ಟೂ ಕೊಂಡ ದಿನದ ತೆರಿಗೆಯೂ ಹೆಚ್ಚು. ಅವಳಿಗೆ ನಿಜವಾಗಿ ಅನುಕೂಲವಾಗಿ ಕಂಡದ್ದು ಆ ಮೂರು ವರ್ಷ. ಕೆಲಸ ಬಿಟ್ಟರೂ ಕಂಪನಿ ಯಾವ ದಾರಿ ಹಿಡಿಯುತ್ತದೆ ಅಂತ ನೋಡಿಕೊಂಡು ಕೊಳ್ಳಬಹುದು. ನಮ್ಮ ಹುಡುಗನಿಗೆ ಆ ಪುರುಸೊತ್ತು ಇರಲಿಲ್ಲ.

ಅವಳು ಅದೇ ಹಾಳೆಯ ಲೆಕ್ಕವನ್ನು ಕಂಪನಿಗೆ ಬರೆದಳು. ಇನ್ನೊಂದು ಕಡೆ 9 ಲಕ್ಷ ಸಂಬಳ ಇದೆ, ನನ್ನ ಸಾಲದ ಕಂತನ್ನು ಆಪ್ಷನ್‌ನಲ್ಲಿ ಕಟ್ಟಲು ಬರುವುದಿಲ್ಲ, ಸಂಬಳ ಹೆಚ್ಚಿಸಲು ಆಗುತ್ತದೆಯೇ ಅಂತ. ಅವರು 8 ಲಕ್ಷ 60 ಸಾವಿರಕ್ಕೆ ಬಂದರು. ಇಸಾಪನ್ನು ಸೊನ್ನೆ ಅಂತ ಹಿಡಿದರೂ ಆ ಸಂಬಳದಲ್ಲಿ ಕಂತು, ಬಾಡಿಗೆ, ಮನೆಗೆ ಕಳಿಸುವುದು ಎಲ್ಲ ಸರಿಹೋಗುತ್ತದೆಯೇ ಅಂತ ಅವಳು ತಿಂಗಳ ಲೆಕ್ಕ ಹಾಕಿದಳು. ಸರಿಹೋಯಿತು. ವರ್ಷಕ್ಕೆ ನಲವತ್ತು ಸಾವಿರ ಕಡಿಮೆಯಾದರೂ ಪರವಾಗಿಲ್ಲ, ಕಲಿತ ಕೆಲಸ ಮಾಡುತ್ತೇನೆ ಅಂತ ಅಲ್ಲಿಗೇ ಸೇರಿದಳು. ಗ್ರ್ಯಾಂಟ್ ಲೆಟರ್ ಬಂದ ದಿನ ನಮಗೂ ಒಂದು ಫೋಟೊ ಕಳಿಸಿದಳು, ತಾರೀಕಿನ ಕೆಳಗೆ ಗೀಟು ಹಾಕಿ. ಮನೆಯ ಕ್ಯಾಲೆಂಡರ್‌ನಲ್ಲೂ ಬರೆಸಿದ್ದಾಳಂತೆ.

ಅವಳ ಬಗ್ಗೆಯೂ ನಾವು ಸುದ್ದಿ ಕಳಿಸಿದೆವು. ವರ್ಷಕ್ಕೆ 8.6 ಲಕ್ಷ ಸಂಬಳ ಅಂತ ಬರೆದೆವು. ಡೆಸ್ಕ್‌ನಿಂದ ಫೋನ್ ಬಂತು, ಪ್ಯಾಕೇಜ್ ಒಟ್ಟು ಎಷ್ಟು ಅಂತ ಹಾಕಿ, ಹೆಡ್ಡಿಂಗ್‌ಗೆ ಚೆನ್ನಾಗಿರುತ್ತೆ ಅಂದರು. ಒಟ್ಟು ಅಷ್ಟೇ ಸಾರ್ ಅಂದೆವು.